ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ: ಓದಿನ ಜೊತೆಗಿನ ಕೆಲಸಕ್ಕೆ ನಾನು ಹಾಕಿದ ಲೆಕ್ಕ

ವಿಜ್ಞಾನ ಪದವಿ ಓದುವಾಗ ನಾನು ಒಂದಿಲ್ಲೊಂದು ಅರೆಕಾಲಿಕ ಕೆಲಸ ಹಿಡಿದುಕೊಂಡೇ ಇದ್ದೆ. ಅಂಗಡಿಯ ಗಲ್ಲಾ, ಮನೆಪಾಠ, ಧ್ವನಿಮುದ್ರಿಕೆ ಕೇಳಿಸಿಕೊಂಡು ಟೈಪ್ ಮಾಡುವ ಕೆಲಸ, ಕಾಲೇಜು ಗ್ರಂಥಾಲಯದ ಮೇಜು, ಹೀಗೆ. ಈಗ ಕಿರಿಯರು ಸಲಹೆ ಕೇಳಿಕೊಂಡು ಬಂದರೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಗಂಟೆಗೆ ಎಷ್ಟು ಕೊಡುತ್ತಾರೆ? ನಾನು ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ ಎನ್ನುತ್ತೇನೆ. ನಿಮ್ಮ ಹತ್ತಿರ ಮಾರಲು ಎಷ್ಟು ಗಂಟೆ ಇದೆ ಎಂದು ಗೊತ್ತಾಗದೆ ದರ ಕೇಳಿ ಪ್ರಯೋಜನವಿಲ್ಲ.

ನನ್ನ ಲೆಕ್ಕ ಹೀಗಿತ್ತು. ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ 8 ಗಂಟೆಯಂತೆ 56 ಹೋದರೆ ಉಳಿಯುವುದು 112. ಸ್ನಾನ, ಊಟ, ಬಟ್ಟೆ ಒಗೆಯುವುದು ಇತ್ಯಾದಿಗೆ ದಿನಕ್ಕೆ 3 ಗಂಟೆ ಬೇಕೇ ಬೇಕು, ಅಲ್ಲಿಗೆ 91. ತರಗತಿ ಮತ್ತು ಲ್ಯಾಬ್ ಸೇರಿ 30, ಕಾಲೇಜಿಗೆ ಹೋಗಿಬರಲು 10, ಉಳಿದದ್ದು 51. ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದಬೇಕೆಂಬ ಹಳೆಯ ಅಂದಾಜು ಒಂದಿದೆ. ನನ್ನ 30 ಗಂಟೆಯಲ್ಲಿ 18 ಲ್ಯಾಬಿನದು, ಅದರ ಕೆಲಸ ಬಹುಪಾಲು ಅಲ್ಲೇ ಮುಗಿಯುತ್ತಿತ್ತು. ಪಾಠದ 12 ಗಂಟೆಗೆ 24 ಗಂಟೆ ಓದು ಎಂದಿಟ್ಟುಕೊಂಡೆ. ಈಗ 27. ಇದರಲ್ಲಿ 12 ಗಂಟೆಯನ್ನು ನಾನು ಯಾವುದಕ್ಕೂ ಕೊಡಲಿಲ್ಲ. ಜ್ವರ ಬರುತ್ತದೆ, ಸ್ನೇಹಿತರು ಬರುತ್ತಾರೆ, ಲ್ಯಾಬ್ ರೆಕಾರ್ಡ್ ಒಂದು ರಾತ್ರಿ ಜಾಸ್ತಿ ತಿನ್ನುತ್ತದೆ. ಆ 12 ಗಂಟೆಯನ್ನೂ ಕೆಲಸಕ್ಕೆ ಕೊಟ್ಟವರು ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಓದಿನ 24ಕ್ಕೆ ಕೈ ಹಾಕುವುದನ್ನು ನಾನು ನೋಡಿದ್ದೇನೆ.

ಕೊನೆಗೆ ಕೈಯಲ್ಲಿ ಉಳಿದದ್ದು 15 ಗಂಟೆ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹಾಗಾಗಿ 20 ಎಂಬ ಅಂಕಿ ಅನೇಕರ ಬಾಯಲ್ಲಿ ಓಡಾಡುತ್ತದೆ. ಆದರೆ ಅದು ಕಾನೂನಿನ ಮೇಲ್ಮಿತಿ, ಅಷ್ಟೂ ಗಂಟೆ ದುಡಿದರೆ ಓದು ಕೆಡುವುದಿಲ್ಲ ಎಂಬ ಭರವಸೆಯಲ್ಲ. ಅಲ್ಲದೆ ಅದು ಕೆಲಸದ ಗಂಟೆಗಳ ಲೆಕ್ಕ. ನನ್ನ 15 ಗಂಟೆಯೊಳಗೆ ಕೆಲಸಕ್ಕೆ ಹೋಗಿಬರುವ ಹೊತ್ತೂ ಸೇರಿರಬೇಕಿತ್ತು. ಲೆಕ್ಕವೆಲ್ಲ ತಿರುಗುವುದು ಇಲ್ಲಿಯೇ.

ದರ ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ಅಂಗಡಿ ಕೊಡುತ್ತಿದ್ದ ಗಂಟೆಯ ದರವನ್ನು 100 ಎಂದಿಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಸರಿದೂಗಿಸಿ ಬರೆಯುತ್ತೇನೆ. ಅಂಗಡಿಯಲ್ಲಿ ವಾರಾಂತ್ಯದ ಪಾಳಿ 5 ಗಂಟೆ, ಅಂದರೆ ದಿನಕ್ಕೆ 500. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಪಾಳಿಗೆ ಕಾಲು ಗಂಟೆ ಮುಂಚೆ ಹಾಜರಿರಬೇಕು, ಮುಗಿದ ಮೇಲೆ ಗಲ್ಲಾ ಎಣಿಸಿ ಒಪ್ಪಿಸಲು ಇನ್ನೊಂದು ಕಾಲು ಗಂಟೆ, ಇವೆರಡಕ್ಕೂ ಸಂಬಳವಿಲ್ಲ. ಬಸ್ಸಿಗೆ 40. ಅಲ್ಲಿಗೆ 7 ಗಂಟೆಗೆ ಕೈಗೆ ಬಂದದ್ದು 460, ನಿಜವಾದ ದರ ಗಂಟೆಗೆ ಸುಮಾರು 66.

ಮನೆಪಾಠಕ್ಕೆ ಗಂಟೆಗೆ 150. ಕೇಳಲು ಚೆನ್ನಾಗಿದೆ. ನಡೆದು ಹೋಗಿಬರಲು ಅರ್ಧ ಗಂಟೆ, ಹಿಂದಿನ ರಾತ್ರಿ ಆ ಪಾಠದ ಲೆಕ್ಕಗಳನ್ನು ನಾನೇ ಒಮ್ಮೆ ಬಿಡಿಸಿ ನೋಡಲು 20 ನಿಮಿಷ. ಇನ್ನು ಪಾಠದ ಒಂದು ಗಂಟೆ ಒಂದು ಗಂಟೆಗೇ ಮುಗಿಯುವುದಿಲ್ಲ. ಹೊರಡುವಾಗ ಹುಡುಗನ ತಾಯಿ ಬಾಗಿಲಲ್ಲಿ ನಿಂತು, "ಹೇಗೆ ಓದುತ್ತಿದ್ದಾನೆ ನೋಡಿ" ಎಂದು ಶುರುಮಾಡಿದರೆ ಕಾಲು ಗಂಟೆ ಹೋಯಿತು. ಒಟ್ಟು 125 ನಿಮಿಷ, ನಿಜವಾದ ದರ 72. ಅಂಗಡಿಗಿಂತ ಮೇಲು ನಿಜ, ಆದರೆ ಒಂದೂವರೆ ಪಟ್ಟು ಮೇಲೇನಲ್ಲ.

ಧ್ವನಿಮುದ್ರಿಕೆಯ ಕೆಲಸವಂತೂ ಮನೆಯಲ್ಲೇ ಕುಳಿತು ಮಾಡುವುದು, ಹೊತ್ತುಗೊತ್ತಿಲ್ಲ, ಬಸ್ಸಿಲ್ಲ. ಅಲ್ಲಿ ದುಡ್ಡು ಕೊಡುವುದು ಮುದ್ರಿಕೆಯ ಉದ್ದಕ್ಕೆ, ನೀವು ಕುಳಿತ ಹೊತ್ತಿಗಲ್ಲ. ಕೈ ಪಳಗಿದವರಿಗೂ ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕು ಗಂಟೆ ಹಿಡಿಯುತ್ತದೆ, ಹೊಸಬರಿಗೆ ಐದಾರು. ಇಬ್ಬರು ಒಟ್ಟಿಗೆ ಮಾತನಾಡಿದ್ದರೆ, ಫ್ಯಾನಿನ ಸದ್ದು ಸೇರಿಕೊಂಡಿದ್ದರೆ ಇನ್ನೂ ಹೆಚ್ಚು. ಮುದ್ರಿಕೆಯ ಗಂಟೆಗೆ 200 ಎಂದರೆ ನನ್ನ ಗಂಟೆಗೆ 40 ಬಿದ್ದಿತು.

ಗ್ರಂಥಾಲಯದ ಮೇಜಿಗೆ ಎಲ್ಲಕ್ಕಿಂತ ಕಡಿಮೆ ಎಂದು ಯಾರೂ ಅರ್ಜಿ ಹಾಕುತ್ತಿರಲಿಲ್ಲ: ಗಂಟೆಗೆ 80, ಒಂದು ಸಂಜೆಗೆ 3 ಗಂಟೆಯ ಕೆಲಸ. ತರಗತಿ ಮುಗಿಸಿ ಮೆಟ್ಟಿಲು ಹತ್ತಿದರೆ ಕೆಲಸದ ಜಾಗ ಬಂತು. ಹೋಗಿಬರುವ ಖರ್ಚಿಲ್ಲ, ಮುಂಚೆ ಬರಬೇಕಾಗಿಲ್ಲ, ಆದ್ದರಿಂದ 80 ಎಂದರೆ 80ಯೇ. ಕೊನೆಯ ಒಂದು ಗಂಟೆಯಲ್ಲಿ ಜನ ಕರಗಿರುತ್ತಿದ್ದರು. ಆಗ ಲ್ಯಾಬ್ ರೆಕಾರ್ಡಿನ ಚಿತ್ರ ಬರೆಯುವುದು, ಟಿಪ್ಪಣಿ ಸರಿಮಾಡುವುದು ಆಗುತ್ತಿತ್ತು. ಗಟ್ಟಿಯಾದ ಓದು ಆಗುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಪುಸ್ತಕ ಹಿಂದಿರುಗಿಸಲು ಒಬ್ಬರು ಬಂದು ನಿಂತರೂ ಬಿಡಿಸುತ್ತಿದ್ದ ಸಮೀಕರಣದ ಎಳೆ ಕಡಿದುಹೋಗುತ್ತದೆ.

ಎರಡು ದಿನದ ಅಂಗಡಿ ಪಾಳಿಗೆ 14 ಗಂಟೆ ಹೋಗಿ 920 ಬರುತ್ತಿತ್ತು. ವಾರಕ್ಕೆ ಮೂರು ಸಂಜೆ ಗ್ರಂಥಾಲಯ, ಎರಡು ದಿನ ಮನೆಪಾಠ ಎಂದು ಬದಲಿಸಿಕೊಂಡಾಗ 13 ಗಂಟೆ ಚಿಲ್ಲರೆಗೆ 1020. ಶನಿವಾರ, ಭಾನುವಾರದ ಹಗಲು ಪೂರ್ತಿ ನನ್ನ ಕೈಗೆ ಮರಳಿತು.

ಇಷ್ಟು ಕಾಗದದ ಲೆಕ್ಕ. ಕಾಗದದಲ್ಲಿ ಸಿಗದ ಇನ್ನೊಂದು ಸಂಗತಿ ಇದೆ, ಅದಕ್ಕಾಗಿ ಯಾವ ಹೊಸ ಕೆಲಸ ಹಿಡಿದರೂ ಮೊದಲ ಕೆಲವು ವಾರ ಸಣ್ಣ ಪುಸ್ತಕವೊಂದರಲ್ಲಿ ಮೂರು ಹೊತ್ತು ಬರೆದಿಡುತ್ತಿದ್ದೆ: ಮನೆ ಬಿಟ್ಟದ್ದು, ಮನೆ ಸೇರಿದ್ದು, ಆಮೇಲೆ ಓದಲು ಪುಸ್ತಕ ತೆರೆದದ್ದು. ಮೂರನೆಯದೇ ಮುಖ್ಯ. ಗ್ರಂಥಾಲಯದಿಂದ ಬಂದ ದಿನ ಊಟ ಮುಗಿಸಿದ ಅರ್ಧ ಗಂಟೆಗೆ ಪುಸ್ತಕ ತೆರೆಯುತ್ತಿತ್ತು. ಅಂಗಡಿಯಲ್ಲಿ ನಿಂತುಕೊಂಡು ಬಂದ ರಾತ್ರಿ ಆ ಮೂರನೆಯ ಜಾಗ ಖಾಲಿ ಉಳಿಯುತ್ತಿತ್ತು, ಇಲ್ಲವೇ ಅಲ್ಲಿ ಮರುದಿನದ ಹೊತ್ತು ಬೀಳುತ್ತಿತ್ತು. ಆ ದಣಿವಿಗೂ ಬೆಲೆಯಿದೆ. ಅದು ದರದ ಪಟ್ಟಿಯಲ್ಲಿ ಇರುವುದಿಲ್ಲ.

ಓದು ಹಾಳಾಗುತ್ತಿರುವುದು ಅಂಕಪಟ್ಟಿಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹಾಜರಾತಿಯೂ ಬೇಗ ಕುಸಿಯುವುದಿಲ್ಲ, ಅದಕ್ಕೆ ಹೆದರಿಯಾದರೂ ಹೋಗುತ್ತೇವೆ. ಮೊದಲು ಬಿದ್ದುಹೋಗುವುದು ಯಾರೂ ಕೇಳದ ಓದು: ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬಿಡಿಸುವುದು, ಅರ್ಥವಾಗದ ಪುಟವನ್ನು ಎರಡನೆಯ ಸಲ ಓದುವುದು. ಹಾಗಾಗಿ ನಾನು ಪ್ರತಿ ವಾರ ನೋಡುತ್ತಿದ್ದದ್ದು ಆ 24 ಗಂಟೆಯಲ್ಲಿ ಎಷ್ಟು ಆಯಿತು ಎಂಬುದನ್ನು. ಎರಡು ವಾರ ಸತತವಾಗಿ 18ಕ್ಕಿಂತ ಕೆಳಗಿಳಿದರೆ ಕೆಲಸದ ಒಂದು ಪಾಳಿ ಬಿಡುವುದು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ದಣಿದಿರುವಾಗ ಇಂಥ ತೀರ್ಮಾನ ಕೈಗೊಳ್ಳಲು ಹೋದರೆ ದುಡ್ಡೇ ಗೆಲ್ಲುತ್ತದೆ.

ಇನ್ನು "ನಿಮಗೆ ಬೇಕಾದಾಗ ಕೆಲಸ ಮಾಡಿ" ಎನ್ನುವ ಕೆಲಸಗಳು. ಬೈಕಿನಲ್ಲಿ ಪಾರ್ಸೆಲ್ ತಲುಪಿಸುತ್ತಿದ್ದ ಸಹಪಾಠಿಯ ಮೊಬೈಲನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಆ್ಯಪ್ ಯಾವಾಗ ಬೇಕಾದರೂ ತೆರೆಯಬಹುದು ನಿಜ. ಆದರೆ ಆರ್ಡರ್ ಬೀಳುವುದು ಮಧ್ಯಾಹ್ನ ಊಟದ ಹೊತ್ತಿಗೆ ಮತ್ತು ರಾತ್ರಿ. ಮಧ್ಯಾಹ್ನ ಅವನಿಗೆ ಲ್ಯಾಬ್, ರಾತ್ರಿ ಓದು. ಪ್ರೋತ್ಸಾಹಧನ ಸಿಗಬೇಕಾದರೆ ಅವರು ಗೊತ್ತುಮಾಡಿದ ಅವಧಿಯಲ್ಲಿ ಇಂತಿಷ್ಟು ಆರ್ಡರ್ ಮುಗಿಸಿರಬೇಕು. ಇನ್ನೊಂದೇ ಒಂದು ಬಾಕಿ ಇರುವಾಗ ಯಾರು ತಾನೇ ಮನೆಗೆ ಹೋಗುತ್ತಾರೆ? ಕಾಯುತ್ತ ನಿಂತ ಹೊತ್ತಿಗೆ ಕಾಸಿಲ್ಲ, ಪೆಟ್ರೋಲು, ಟೈರು, ಸರ್ವಿಸ್ ಎಲ್ಲ ಅವನದೇ. ಅದು ಕೆಟ್ಟ ಕೆಲಸ ಎನ್ನುತ್ತಿಲ್ಲ. ಹೊತ್ತು ಆರಿಸುವವರು ಯಾರು ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು.

ಓದಿಗೂ ಕೆಲಸಕ್ಕೂ ಆಗುವ ಘರ್ಷಣೆಯ ವಿಷಯದಲ್ಲಿ ನನಗೆ ಹೆಚ್ಚು ನೆರವಾದದ್ದು ಸೆಮಿಸ್ಟರಿನ ಆರಂಭದಲ್ಲೇ ಬರೆದುಕೊಂಡ ಒಂದು ಹಾಳೆ. ಒಂದು ಸಾಲಿನಲ್ಲಿ ನನ್ನ ಕಿರುಪರೀಕ್ಷೆ, ರೆಕಾರ್ಡ್ ಒಪ್ಪಿಸುವ ದಿನ, ಪ್ರಾಯೋಗಿಕ ಪರೀಕ್ಷೆ. ಅದರ ಕೆಳಗೆ ಕೆಲಸ ಬಿರುಸಾಗುವ ವಾರಗಳು. ಮನೆಪಾಠದ ಗುಟ್ಟು ಆಗ ಕಂಡಿತು. ಶಾಲೆಯ ಪರೀಕ್ಷೆಯೂ ಕಾಲೇಜಿನ ಪರೀಕ್ಷೆಯೂ ಬಹಳ ಸಲ ಆಸುಪಾಸಿನ ವಾರಗಳಲ್ಲೇ ಬರುತ್ತವೆ. ನನಗೆ ಬಿಡುವು ಬೇಕಾದಾಗಲೇ ಆ ಮನೆಯವರಿಗೆ ದಿನಾ ಬರಬೇಕು. ಆದ್ದರಿಂದ ಒಪ್ಪಿಕೊಳ್ಳುವಾಗಲೇ ಹೇಳಿದೆ:

"ಅಮ್ಮಾ, ನನ್ನ ಪರೀಕ್ಷೆಯ ಎರಡು ವಾರ ಬರಲಾಗುವುದಿಲ್ಲ. ಅದಕ್ಕೆ ಮುಂಚಿನ ತಿಂಗಳು ವಾರಕ್ಕೆ ಒಂದು ದಿನ ಹೆಚ್ಚಿಗೆ ಬಂದು ಪಾಠ ಮುಗಿಸಿಕೊಡುತ್ತೇನೆ."

"ಅವನ ಪರೀಕ್ಷೆ ಆಗಲೇ ಬಂದರೆ?"

"ಆಗ ಫೋನಿನಲ್ಲಿ ಅವನು ಕೇಳಿದ್ದಕ್ಕೆ ರಾತ್ರಿ ಅರ್ಧ ಗಂಟೆ ಉತ್ತರ ಹೇಳುತ್ತೇನೆ, ಮನೆಗೆ ಬರುವುದಿಲ್ಲ."

ಅವರು ಒಪ್ಪಿದರು. ಅದೇ ಮಾತನ್ನು ಅಂದು ಸಂಜೆ ದಿನಾಂಕ ಸಮೇತ ಸಂದೇಶವಾಗಿ ಕಳುಹಿಸಿದೆ. ಸಂಬಳ ತಿಂಗಳಿಗೋ ಪಾಠಕ್ಕೋ ಎಂಬುದನ್ನೂ ಅದರಲ್ಲೇ ಬರೆದೆ, ಯಾಕೆಂದರೆ ಹುಡುಗ ಮದುವೆಗೆ ಹೋದ ದಿನದ ಪಾಠಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ತಿಂಗಳ ಕೊನೆಗೆ ಬಂದೇ ಬರುತ್ತದೆ. ಗ್ರಂಥಾಲಯದಲ್ಲಿ ಇಷ್ಟು ತೊಡಕಿರಲಿಲ್ಲ. ಮೇಜಿಗೆ ಕೂರುವ ಹುಡುಗರು ಬೇರೆಬೇರೆ ವಿಭಾಗದವರು, ಪರೀಕ್ಷೆಯ ದಿನಗಳೂ ಬೇರೆ, ಪಾಳಿ ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಎಲ್ಲರೂ ಒಂದೇ ತರಗತಿಯವರಾಗಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ.

ದುಡ್ಡಿನ ಬಗ್ಗೆ ಇನ್ನೊಂದೇ ಮಾತು. ಕೆಲಸ ಕೊಡಲು ನೋಂದಣಿ ಶುಲ್ಕ ಕೇಳುವವರ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವವರ ಹತ್ತಿರ ನಾನು ಎರಡನೆಯ ಮಾತು ಆಡಿಲ್ಲ. ಡೇಟಾ ಎಂಟ್ರಿ ಹೆಸರಿನಲ್ಲಿ ಇದು ಬಹಳ. ಮೊದಲು ಶುಲ್ಕ, ಆಮೇಲೆ "ತಪ್ಪು ಹೆಚ್ಚಾಗಿದೆ, ಒಪ್ಪಂದ ಮುರಿದಿದ್ದೀರಿ" ಎಂದು ದಂಡದ ಬೆದರಿಕೆ.

ಅಂಗಡಿಯ ಕೆಲಸವನ್ನು ನಾನು ಪೂರ್ತಿ ಬಿಡಲಿಲ್ಲ, ರಜೆಗೆ ಸರಿಸಿದೆ. ರಜೆಯಲ್ಲಿ 8 ಗಂಟೆಯ ಪಾಳಿ ಸಿಗುತ್ತದೆ. ಹೋಗಿಬರುವ ಹೊತ್ತು, ಬಸ್ಸಿನ 40 ಅಷ್ಟೇ ಇರುತ್ತವೆ. 10 ಗಂಟೆಗೆ 760, ನಿಜವಾದ ದರ 66ರಿಂದ 76ಕ್ಕೆ ಏರುತ್ತದೆ. ಮನೆಪಾಠ ಆಗ ಇರುವುದಿಲ್ಲ, ಗ್ರಂಥಾಲಯ ಬಾಗಿಲು ಹಾಕಿರುತ್ತದೆ, ಸಂಜೆ ಓದುವುದೂ ಇಲ್ಲ. ಸೇರುವ ದಿನವೇ ಮಾಲೀಕರಿಗೆ ಕೊನೆಯ ದಿನಾಂಕ ಹೇಳಿಬಿಡುತ್ತಿದ್ದೆ: ಕಾಲೇಜು ಶುರುವಾಗುವುದಕ್ಕೆ ಒಂದು ವಾರ ಮೊದಲು.