ಕದ್ದದ್ದೋ, ಕೈಮುಗಿದದ್ದೋ: ಕತ್ತರಿ ಹಿಡಿದು ಸ್ಕೋರು ನೋಡಿದ ನನ್ನ ಅನುಭವ

ಒಂದು ಸಂಗೀತ ಕೃತಿ ಇನ್ನೊಂದರಿಂದ ಎಷ್ಟು ಸಾಲ ತಗೊಂಡಿದೆ ಅಂತ ನೋಡೋಕೆ, ಸ್ವರ ಬರೆದಿಟ್ಟ ಸ್ಕೋರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ನಾಲ್ಕು ದನಿಗೆ ನಾಲ್ಕು ಬಣ್ಣ ಹಚ್ಚಿ ಗೋಡೆಗೆ ಅಂಟಿಸಿ ಹೋಲಿಸ್ತೀನಿ ಅಂದಾಗ ನಕ್ಕವರೇ ಜಾಸ್ತಿ. ಸಾಫ್ಟ್‌ವೇರ್ ಇರೋ ಕಾಲದಲ್ಲಿ ಇದೇನು ಗೋಂದಿನ ಕೆಲಸ ಅಂದರು. ಸಾಫ್ಟ್‌ವೇರೂ ನೋಡಿದ್ದೆ. ಹದಿನಾರನೇ ಶತಮಾನದ ಸ್ಪೇನಿನ ಸಂಯೋಜಕ ವಿಕ್ಟೋರಿಯಾನ O magnum mysterium ಅನ್ನೋ ಮೋಟೆಟ್‌ನ, ಅಂದರೆ ಹಲವು ದನಿಗಳ ಚರ್ಚ್ ಹಾಡಿನ, ಆರಂಭವನ್ನು, ಮರುಕಳಿಸುವ ಸ್ವರ ಬಿಟ್ಟು, ಹೀಗೆ ಕೊಟ್ಟೆ:

```
-7 +7 +1 -1
```

ಒಂದು ಪಂಚಮ ಇಳಿದು, ವಾಪಸ್ ಹತ್ತಿ, ಅರ್ಧ ಸ್ವರ ಮೇಲೆ ಹೋಗಿ ಬರೋದು. ಪೂರ್ತಿ ಕೊಟ್ಟರೆ ಏನೂ ಸಿಗಲಿಲ್ಲ, ಒಂದೆರಡು ಅಂಕಿ ಸಡಿಲ ಬಿಟ್ಟರೆ ಆ ಕಾಲದ ಅರ್ಧ ಯುರೋಪೇ ಬಲೆಗೆ ಬಿತ್ತು. ಪಂಚಮ ಹತ್ತಿ ಇಳಿಯೋದು ಎಲ್ಲರ ಸ್ವತ್ತು. ಎರಡು ವಾರಾಂತ್ಯ ಹಾಳು.

ಆಮೇಲೆ ನಾನು ರಾಗದ ಎಳೆ ಬಿಟ್ಟು ಜಾಗ ನೋಡೋಕೆ ಶುರು ಮಾಡಿದೆ. ಇದಕ್ಕೆ ದಾರಿ ತೋರಿಸಿದವನು ಇಟಲಿಯ ಸಂಗೀತ ಶಾಸ್ತ್ರಕಾರ ಪಿಯೆತ್ರೋ ಚೆರೋನೆ. 1613ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಅವನ ದಪ್ಪ ಪುಸ್ತಕದಲ್ಲಿ ಹಳೇ ಮೋಟೆಟ್ ಒಂದರ ಮೇಲೆ ಮಾಸ್, ಅಂದರೆ ಚರ್ಚಿನ ಪೂಜೆಯ ಸಂಗೀತ, ಕಟ್ಟೋದು ಹೇಗೆ ಅಂತ ಕಟ್ಟುನಿಟ್ಟಾಗಿ ಹೇಳಿದ್ದಾನೆ. ಕೀರಿಯೇ, ಗ್ಲೋರಿಯಾ, ಕ್ರೆದೋ, ಸಾಂಕ್ತುಸ್, ಆಞುಸ್ ಅನ್ನೋ ಮಾಸ್‌ನ ಐದು ಭಾಗಗಳೂ ಮೂಲದ ಆರಂಭದಿಂದಲೇ ಶುರುವಾಗಬೇಕು, ಆದರೆ ಪ್ರತಿ ಸಲ ದನಿಗಳ ನೇಯ್ಗೆ ಬೇರೆ ಇರಬೇಕು. ದೊಡ್ಡ ಭಾಗಗಳು ಮುಗಿಯೋ ಕಡೆ ಮೂಲದ ಮುಕ್ತಾಯ ಕಾಣಬೇಕು. ನಡುವಿನ ಎಳೆಗಳನ್ನು ಎಷ್ಟು ಬಳಸಿದರೆ ಅಷ್ಟು ಒಳ್ಳೇದು. ಅಂದರೆ ಹುಡುಕಬೇಕಾದ ಜಾಗಗಳ ಪಟ್ಟಿಯನ್ನು ಅವನೇ ಬರೆದಿಟ್ಟಿದ್ದ.

ವಿಕ್ಟೋರಿಯಾ ಮೋಟೆಟ್ ಅಚ್ಚು ಹಾಕಿದ್ದು 1572ರಲ್ಲಿ, ಅದರ ಮೇಲೆ ಕಟ್ಟಿದ ಮಾಸ್ 1592ರಲ್ಲಿ. ಇಪ್ಪತ್ತು ವರ್ಷದ ಹಿಂದಿನ ತನ್ನದೇ ಸರಕು, ಹೆಸರೂ ಅದೇ. ಕಳ್ಳತನದ ಮಾತೇ ಬರಲ್ಲ, ಅದಕ್ಕೇ ಅಭ್ಯಾಸಕ್ಕೆ ಇದನ್ನು ಆರಿಸಿದ್ದು. ಒಂದೇ ದನಿ ಹೊಂದಿದರೆ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಎರಡು ಮೂರು ದನಿ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಒಳಗೆ ಬಂದರೆ ಮಾತ್ರ ಗುರುತು. ಆಮೇಲೆ ಅದೇ ಮೋಡ್‌ನ, ಅಂದರೆ ಅದೇ ಸ್ವರಶ್ರೇಣಿಯ, ಸಂಬಂಧವೇ ಇಲ್ಲದ ಇಪ್ಪತ್ತೋ ಇಪ್ಪತ್ತೈದೋ ಮೋಟೆಟ್ ತೆಗೆದು ಅಲ್ಲೂ ಅದೇ ಗುರುತು ಬೀಳುತ್ತಾ ನೋಡ್ತೀನಿ. ಅಲ್ಲೂ ಬಿದ್ದರೆ ಅದು ಆ ಕಾಲದ ಆಡುಮಾತು, ಸಾಲ ಅಲ್ಲ. ಯಾವ ಹೊಂದಿಕೆಗೆ ಎಷ್ಟು ತೂಕ ಅನ್ನೋ ಪಟ್ಟಿ ನನ್ನ ಹತ್ತಿರವೇ ಇರಲಿ, ಅದು ಹೊಟ್ಟೆಪಾಡು.

ಖರ್ಚು ಪ್ರಿಂಟ್, ಬಣ್ಣಕ್ಕೆ ಮೂರು ಸಾವಿರದ ಹತ್ತಿರ. ಜರ್ಮನಿಯಿಂದ ತರಿಸಿದ ಒಂದು ಸಂಪುಟಕ್ಕೆ ಅಂಚೆ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಮನೆಯಲ್ಲಿ ಆ ಬೆಲೆ ಇನ್ನೂ ಹೇಳಿಲ್ಲ.

ಪಟ್ಟಿಗಳು ನಿಜವಾಗಿ ಮಾತಾಡಿದ್ದು ಹ್ಯಾಂಡೆಲ್ ವಿಷಯದಲ್ಲಿ. 1739ರ Israel in Egypt ಒರಟೋರಿಯೋದಲ್ಲಿ "Egypt was glad" ಅಂತೊಂದು ಕೋರಸ್ ಇದೆ. ಅದರ ಪಕ್ಕ ಹದಿನೇಳನೇ ಶತಮಾನದ ಜರ್ಮನ್ ಸಂಯೋಜಕ ಕೆರ್ಲ್‌ನ ಆರ್ಗನ್ ಕಾನ್ಸೋನಾ ಅಂಟಿಸಿದರೆ ಬಾರಿಗೆ ಬಾರು ಕೂತುಬಿಡುತ್ತೆ. ಸಾಹಿತ್ಯ ಕೂರಿಸಿದ್ದು ಬಿಟ್ಟರೆ ಹೊಸದು ತೀರಾ ಕಮ್ಮಿ. ಕೆರ್ಲ್ ಸತ್ತು ನಲವತ್ತು ವರ್ಷ ದಾಟಿತ್ತು, ಮಾಸ್‌ಗೆ ಇರುವಂತೆ ಮೂಲದ ಹೆಸರು ಎಲ್ಲೂ ಇಲ್ಲ. ಅದೇ ವರ್ಷ ಅಚ್ಚಾದ ಪುಸ್ತಕದಲ್ಲಿ ಜರ್ಮನ್ ಸಂಗೀತ ಬರಹಗಾರ ಮ್ಯಾಥೆಸನ್ ಹೇಳಿದ್ದು, ಸಾಲ ಮಾಡಬಹುದು, ಆದರೆ ಬಡ್ಡಿ ಸಮೇತ ತೀರಿಸಬೇಕು. ಹ್ಯಾಂಡೆಲ್ ಬಹಳ ಕಡೆ ಬಡ್ಡಿ ಕಟ್ಟುತ್ತಾನೆ, ಇಲ್ಲಿ ಅಸಲೂ ಕಟ್ಟಿಲ್ಲ. ಹಾಗಂತ ಇವತ್ತಿನ ಕಾಪಿರೈಟ್ ಕಾನೂನನ್ನು ಅವನ ಮೇಲೆ ಹೇರಿ ಕಳ್ಳ ಅನ್ನೋಕೂ ನಾನು ತಯಾರಿಲ್ಲ. ಆ ಕಾಲದ ಅಳತೆಗೋಲಿನಲ್ಲೇ ಅಳೆದು "ಬಡ್ಡಿ ಇಲ್ಲ" ಅಂತ ಬರೆದಿಟ್ಟೆ.

ನನ್ನ ಕತ್ತರಿ ಸೋತಿದ್ದು ಶೂಮನ್ ಹತ್ತಿರ. ಅವನ ಪಿಯಾನೋ ಕೃತಿ Fantasieಯ ಮೊದಲ ಭಾಗದ ಕೊನೆಯಲ್ಲಿ ಬೀಥೋವನ್‌ನ An die ferne Geliebte ಹಾಡುಗಳ ಕೊನೆಯ ಹಾಡಿನ ಆರಂಭ ಕೇಳಿಸುತ್ತೆ. ಒಂದು ಸಣ್ಣ ತುಣುಕು, ಜತೆಗಿನ ನೇಯ್ಗೆ ಬೇರೆ. ನನ್ನ ಲೆಕ್ಕದಲ್ಲಿ ಅಂಕ ಕಮ್ಮಿ. ಆದರೆ ಶೂಮನ್ ಆ ಕೃತಿಯನ್ನು ಮೂರು ಭಾಗಕ್ಕೆ ಬೆಳೆಸಿದ್ದು ಬಾನ್‌ನಲ್ಲಿ ಬೀಥೋವನ್ ಸ್ಮಾರಕಕ್ಕೆ ದುಡ್ಡು ಕೂಡಿಸೋಕೆ, ತುಣುಕು ಬರೋದೂ ಸಂಗೀತ ನಿಧಾನವಾಗಿ ತಣಿಯುವ ಜಾಗದಲ್ಲಿ. ಶೂಮನ್ ಅದನ್ನು ಬೀಥೋವನ್‌ನದು ಅಂತ ಎಲ್ಲೂ ಗುರುತು ಹಾಕಿಲ್ಲ, ಅದಕ್ಕೇ ವಿದ್ವಾಂಸರು ಇವತ್ತಿಗೂ ಕಿತ್ತಾಡುತ್ತಾರೆ. ಇನ್ನೊಬ್ಬರ ಕೃತಿಯನ್ನು ಹೀಗೆ ಸೂಚಿಸೋಕೆ ನೇಯ್ಗೆ ಬೇಕಿಲ್ಲ, ಕೇಳುಗನ ನೆನಪು ಬೇಕು, ನೆನಪನ್ನು ಗೋಡೆಗೆ ಅಂಟಿಸೋಕಾಗಲ್ಲ. 1935ರ ಪಿಟೀಲು ಕಾನ್ಚೆರ್ಟೋದಲ್ಲಿ ಬೆರ್ಗ್ ಈ ತಲೆನೋವೇ ಇಡಲಿಲ್ಲ: ಬಾಖ್‌ನ ಕೋರಾಲ್ ಅನ್ನೋ ಚರ್ಚ್ ಹಾಡಿನ ಸಾಹಿತ್ಯದ ಸಾಲುಗಳನ್ನು ಸ್ಕೋರಿನಲ್ಲೇ ಬರೆದ, ಬಾಖ್‌ನ ಹಾರ್ಮನಿಯನ್ನೂ ಕ್ಲಾರಿನೆಟ್‌ಗಳಿಗೆ ಕೊಟ್ಟ.

ಹೋದ ವರ್ಷ ಒಬ್ಬರು ತಮ್ಮ ಜಾಹೀರಾತಿನ ಟ್ಯೂನು ಯಾರೋ ಕದ್ದಿದ್ದಾರೆ ಅಂತ ಬಂದರು. ಮೊದಲ ಆರು ಸ್ವರ ಅಚ್ಚೊತ್ತಿದ ಹಾಗಿತ್ತು, ಬಾಸ್ ಬೇರೆ, ಲಯ ಬೇರೆ. ಅದೇ ಆರು ಸ್ವರ ಹಳೇ ಸ್ಕೋರುಗಳಲ್ಲಿ ಹತ್ತಾರು ಕಡೆ ತೋರಿಸಿಕೊಟ್ಟೆ. ಕೇಸು ಹಾಕಲಿಲ್ಲ, ನನ್ನ ಫೀಸಿನಲ್ಲಿ ಅರ್ಧ ಇನ್ನೂ ಬರಬೇಕು.