ಗೊಂಬೆ ಇಳಿಸುವಾಗ ಅಟ್ಟದ ಮುಚ್ಚಳವನ್ನೂ ನೋಡಿ

ನಾವು ಮಿನೆಸೋಟಕ್ಕೆ ಬಂದು ಮೂವತ್ತು ವರ್ಷ ಆಯಿತು. ಪ್ರತಿ ದಸರಾಕ್ಕೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸುತ್ತೇವೆ, ಹಬ್ಬ ಮುಗಿದ ಮೇಲೆ ಮತ್ತೆ ಹತ್ತಿಸುತ್ತೇವೆ. ಆಮೇಲೆ ಒಂದು ವರ್ಷ ಆ ಮುಚ್ಚಳದ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಒಂದು ಫೆಬ್ರವರಿಯಲ್ಲಿ ಆ ಮುಚ್ಚಳದ ಪಕ್ಕ ಸೀಲಿಂಗಿನ ಮೇಲೆ ಕಾಫಿ ಬಣ್ಣದ ಕಲೆ ಕಾಣಿಸಿತು. ನೋಡಲು ಬಂದ ಚಾವಣಿ ಕೆಲಸದವನು ಸೋರುತ್ತಿದೆ, ಹೊದಿಕೆ ಬದಲಿಸಬೇಕು ಎಂದ. ಮಳೆಯೇ ಇಲ್ಲ, ಹೊರಗೆ ಬರೀ ಗಟ್ಟಿ ಹಿಮ, ಇನ್ನು ಸೋರುವುದೆಲ್ಲಿಂದ? ನಮ್ಮ ಯಜಮಾನರು ಟಾರ್ಚ್ ಹಿಡಿದು ಹತ್ತಿ ನೋಡಿದರು. ಮುಚ್ಚಳದ ನೇರ ಮೇಲೆ ಚಾವಣಿಯಿಂದ ಇಳಿದ ಮೊಳೆಗಳ ತುದಿಯಲ್ಲೆಲ್ಲ ಬಿಳಿ ಮಂಜು ಕಟ್ಟಿತ್ತು. ಉಳಿದ ಕಡೆ ಮೊಳೆ ಒಣಗಿತ್ತು. ಮನೆಯ ಬೆಚ್ಚನೆ ಗಾಳಿ, ನನ್ನ ಅನ್ನ ಸಾರಿನ ಹಬೆಯನ್ನೂ ಹೊತ್ತುಕೊಂಡು, ಮುಚ್ಚಳದ ಸಂದಿಯಿಂದ ಮೇಲೆ ಹೋಗುತ್ತಿತ್ತು. ಆ ಹಬೆ ತಣ್ಣನೆ ಮೊಳೆಗೆ ತಾಗಿ ಹೆಪ್ಪುಗಟ್ಟುತ್ತಿತ್ತು. ಬಿಸಿಲು ಬಂದ ದಿನ ಕರಗಿ ತೊಟ್ಟಿಕ್ಕುತ್ತಿತ್ತು. ಹೊದಿಕೆಯ ತಪ್ಪೇನೂ ಇರಲಿಲ್ಲ.

ಮುಚ್ಚಳ ಎಂದರೆ ಏನು? 22 ಇಂಚು ಅಗಲ, 30 ಇಂಚು ಉದ್ದದ ಒಂದು ಪ್ಲೈವುಡ್ ತುಂಡು. ಸುತ್ತ ಅಟ್ಟದಲ್ಲೆಲ್ಲ ಆರ್ 49ರಷ್ಟು ಇನ್ಸುಲೇಶನ್ ಹಾಸಿದ್ದೆವು. ಆರ್ ಎಂದರೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಬರೀ ಪ್ಲೈವುಡ್‌ಗೆ ಉದಾರವಾಗಿ ಆರ್ 2 ಎಂದು ಹಿಡಿದರೂ, ಆ ನಾಲ್ಕೂವರೆ ಚದರ ಅಡಿಯಿಂದ ಹೋಗುವ ಶಾಖ ನೂರಹತ್ತು ಚದರ ಅಡಿ ಸೀಲಿಂಗಿನಿಂದ ಹೋಗುವಷ್ಟು. ಒಂದು ಚಿಕ್ಕ ಮಲಗುವ ಕೋಣೆ ಅಂದುಕೊಳ್ಳಿ. ಸಂದಿಯಿಂದ ಹೋಗುವ ಗಾಳಿಯ ಲೆಕ್ಕ ಇದರ ಮೇಲೆ.

ನಿಮ್ಮ ಮನೆಯಲ್ಲಿ ಹೇಗಿದೆ ನೋಡಬೇಕಾ? ಚೆನ್ನಾಗಿ ಚಳಿ ಇರುವ ದಿನ ಒಂದು ಊದಿನಕಡ್ಡಿ ಹಚ್ಚಿ ಮುಚ್ಚಳದ ಅಂಚಿನ ಸುತ್ತ ನಿಧಾನವಾಗಿ ಹಿಡಿಯಿರಿ. ಹೊಗೆಯನ್ನು ಸಂದಿ ಎಳೆದುಕೊಂಡರೆ ಅಲ್ಲೇ ತೂತಿದೆ. ಸುತ್ತಲ ಮರದ ಪಟ್ಟಿ ಸೀಲಿಂಗಿಗೆ ಸೇರುವ ಗೆರೆಯ ಮೇಲೂ ಹಿಡಿಯಿರಿ. ನಮ್ಮಲ್ಲಿ ಅರ್ಧ ಗಾಳಿ ಅಲ್ಲಿಂದಲೇ ಹೋಗುತ್ತಿತ್ತು, ಜಾಸ್ತಿ ಜನ ಅದನ್ನು ಮರೆಯುತ್ತಾರೆ. ಆ ಗೆರೆಗೆ ಕಾಕ್ ಎಂಬ ಸಂದಿ ಮುಚ್ಚುವ ಪೇಸ್ಟ್ ಹಚ್ಚಿದರೆ ಆಯಿತು.

ಮುಚ್ಚಳ ಕೂರುವ ಅಂಚಿಗೆ ರಬ್ಬರ್ ವೆದರ್‌ಸ್ಟ್ರಿಪ್ ಅಂಟಿಸಿ, ಒಳಗೆ ಟೊಳ್ಳಿರುವಂಥದ್ದು. ಅಗ್ಗದ ಸ್ಪಂಜಿನ ಪಟ್ಟಿ ನಾವೂ ಮೊದಲು ತಂದಿದ್ದೆವು, ಒಂದೇ ಚಳಿಗಾಲಕ್ಕೆ ಚಪಾತಿಯಂತೆ ಚಪ್ಪಟೆಯಾಯಿತು. ನಾಲ್ಕು ಮೂಲೆಯಲ್ಲೂ ಪಟ್ಟಿಯ ತುದಿಗಳು ಒಂದಕ್ಕೊಂದು ತಾಗಿರಬೇಕು. ಮುಚ್ಚಳ ಬರೀ ತನ್ನ ಭಾರಕ್ಕೆ ಕೂತರೆ ಸಾಲದು. ಎದುರುಬದುರಾಗಿ ಎರಡು ಕೊಂಡಿ ಹಾಕಿ ಎಳೆದು ಬಿಗಿ ಮಾಡಿದರೆ ರಬ್ಬರ್ ಅದುಮಿ ಸಂದಿ ಮುಚ್ಚುತ್ತದೆ.

ಆಮೇಲೆ ಮುಚ್ಚಳದ ಬೆನ್ನಿಗೆ, ಅಂದರೆ ಅಟ್ಟದ ಕಡೆಗೆ, ಫೋಮ್ ಬೋರ್ಡ್. 2 ಇಂಚಿನ ಗಟ್ಟಿ ಬೋರ್ಡ್ ಒಂದಕ್ಕೆ ಆರ್ 10 ಸಿಗುತ್ತದೆ. ನಾವು ನಾಲ್ಕು ಪದರ ಅಂಟಿಸಿದೆವು, ಆರ್ 40 ಆಯಿತು. ಫೋಮ್‌ಗೆಂದೇ ಮಾಡಿದ ಅಂಟು ತನ್ನಿ. ಬೇರೆ ಕೆಲವು ಅಂಟು ಫೋಮನ್ನೇ ಕರಗಿಸಿಬಿಡುತ್ತವೆ. ತುಂಡುಗಳನ್ನು ಮುಚ್ಚಳಕ್ಕಿಂತ ಸುತ್ತ ಅರ್ಧ ಇಂಚು ಚಿಕ್ಕದಾಗಿ, ಮೇಲಿನ ಪದರ ಇನ್ನೂ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ. ಇಲ್ಲದಿದ್ದರೆ ಓರೆ ಮಾಡಿ ಎತ್ತುವಾಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಫೋಮ್ ಬೆಂಕಿ ಹಿಡಿಯುವ ವಸ್ತು. ಅಟ್ಟದಲ್ಲಿ ತೆರೆದಿಡಬಹುದಾದ ಬೋರ್ಡ್ ಯಾವುದು ಎಂದು ನಿಮ್ಮ ಊರಿನ ಕಟ್ಟಡ ಇಲಾಖೆಗೆ ಒಂದು ಫೋನ್ ಮಾಡಿ ಕೇಳಿ.

ಕಂಡಿಯ ಸುತ್ತ ಪ್ಲೈವುಡ್ಡಿನ ಕಟ್ಟೆಯೂ ಬೇಕು. ಇನ್ಸುಲೇಶನ್ನಿಗಿಂತ ಎರಡು ಇಂಚು ಎತ್ತರ ಇರಲಿ. ಇದಿಲ್ಲದಿದ್ದರೆ ಗೊಂಬೆ ಪೆಟ್ಟಿಗೆ ಎಳೆದಾಗೆಲ್ಲ ಆ ಹತ್ತಿಯಂಥದ್ದು ತಲೆ ಮೇಲೆ ಉದುರುತ್ತದೆ, ಕಂಡಿಯ ಸುತ್ತ ಬೋಳಾಗುತ್ತದೆ.

ಹತ್ತುವ ಮುಂಚೆ ಮಾಸ್ಕ್ ಹಾಕಿ. ತೊಲೆಗಳ ಮೇಲೆ ಮಾತ್ರ ಕಾಲಿಡಿ, ನಡುವೆ ಇಟ್ಟರೆ ಕೆಳಗಿನ ಕೋಣೆಗೇ ಇಳಿಯುತ್ತೀರಿ. 1990ಕ್ಕಿಂತ ಹಳೇ ಮನೆಯಾಗಿ, ಅಟ್ಟದಲ್ಲಿ ಬೂದು ಕಂದು ಬಣ್ಣದ ಹೊಳೆಯುವ ಹರಳಿನಂಥ ಇನ್ಸುಲೇಶನ್ ಕಂಡರೆ ಮುಟ್ಟಲೇಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ.

ನಮ್ಮದು ಶನಿವಾರ ಬೆಳಗ್ಗೆ ಶುರು ಮಾಡಿ ಸಂಜೆಯೊಳಗೆ ಮುಗಿಯಿತು. ಮುಂದಿನ ಫೆಬ್ರವರಿಯಲ್ಲಿ ಯಜಮಾನರು ಮತ್ತೆ ಹತ್ತಿ ಮೊಳೆ ಮುಟ್ಟಿ ನೋಡಿದರು, ಒಣಗಿತ್ತು. ಒಂದೇ ತೊಂದರೆ, ದಸರಾ ಆದ ಮೇಲೆ ಮುಚ್ಚಳವನ್ನು ಹಿಂದುಮುಂದಾಗಿ ಇಟ್ಟರೆ ಒಂದು ಮೂಲೆ ಕೂರುವುದಿಲ್ಲ. ಅದಕ್ಕೇ ಈಗ ಮುಚ್ಚಳದ ಮೇಲೂ ಚೌಕಟ್ಟಿನ ಮೇಲೂ ಪೆನ್ಸಿಲ್ಲಿನಲ್ಲಿ ಒಂದೊಂದು ಬಾಣ ಬರೆದಿಟ್ಟಿದ್ದೇನೆ.