ತಂಗಳನ್ನ ಗಟ್ಟಿಯಾಗುವುದು ಒಣಗಿದ್ದರಿಂದಲ್ಲ: ಮತ್ತೆ ಮೆತ್ತಗಾಗಿಸುವುದು ಹೀಗೆ

ರಾತ್ರಿ ಉಳಿದ ಅನ್ನವನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇವೆ. ಬೆಳಿಗ್ಗೆ ತೆಗೆದರೆ ಅಗುಳು ಗಟ್ಟಿ. ಒಣಗಿಹೋಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಮುಚ್ಚಿದ ಡಬ್ಬಿಯಿಂದ ನೀರು ಹೋಗುವುದಾದರೂ ಎಲ್ಲಿಗೆ? ತೂಕ ಹಾಕಿ ನೋಡಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗಿರುವುದು ಅನ್ನದೊಳಗಿನ ಪಿಷ್ಟದ ಜೋಡಣೆ. ಬ್ರೆಡ್ಡಿನ ವಿಷಯದಲ್ಲಿ ಇದನ್ನು ಫ್ರಾನ್ಸಿನ ವಿಜ್ಞಾನಿ ಬುಸ್ಸಾಂಗೊ 1852ರಲ್ಲೇ ತೋರಿಸಿದ್ದರು. ನೀರು ಆವಿಯಾಗದಂತೆ ಮುಚ್ಚಿಟ್ಟರೂ ಬ್ರೆಡ್ ಗಟ್ಟಿಯಾಯಿತು. ಬಿಸಿ ಮಾಡಿದರೆ ಮತ್ತೆ ಮೆತ್ತಗಾಯಿತು.

ಬೇಯುವಾಗ ಏನಾಗುತ್ತದೆ

ಅಕ್ಕಿಯೊಳಗೆ ಪಿಷ್ಟ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತುಂಬಿರುತ್ತದೆ. ಒಂದೊಂದು ಕಣದಲ್ಲೂ ಎರಡು ಬಗೆಯ ಎಳೆಗಳಿವೆ. ಅಮೈಲೋಸ್ ಉದ್ದನೆಯ ನೇರ ಎಳೆ. ಅಮೈಲೋಪೆಕ್ಟಿನ್ ಕವಲು ಕವಲಾಗಿ ಹರಡಿದ ದೊಡ್ಡ ಎಳೆ. ಇವು ಒತ್ತಾಗಿ ಹೆಣೆದುಕೊಂಡಿರುವುದರಿಂದ ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆಸಿದರೂ ಅಕ್ಕಿ ಅನ್ನವಾಗುವುದಿಲ್ಲ. ಬಿಸಿ ಸುಮಾರು 65ರಿಂದ 75 ಡಿಗ್ರಿ ಮುಟ್ಟಿದಾಗ ಹೆಣಿಗೆ ಸಡಿಲವಾಗುತ್ತದೆ. ನೀರು ಒಳಗೆ ನುಗ್ಗಿ ಕಣಗಳು ಉಬ್ಬುತ್ತವೆ. ಇದೇ ಜೆಲಾಟಿನೈಸೇಷನ್. ಗಂಜಿ ಇದ್ದಕ್ಕಿದ್ದಂತೆ ದಪ್ಪಗಾಗುವುದೂ ಇದರಿಂದಲೇ.

ಪೂರ್ತಿ ಆಗಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳನ್ನು ಎರಡು ಗಾಜಿನ ತುಂಡುಗಳ ನಡುವೆ ಒತ್ತಿ. ನಡುವೆ ಬಿಳಿ ಚುಕ್ಕಿ ಕಂಡರೆ ಅಲ್ಲಿಗೆ ಇನ್ನೂ ನೀರು ಮುಟ್ಟಿಲ್ಲ ಎಂದರ್ಥ.

ಆರಿದ ಮೇಲೆ

ಅನ್ನ ತಣ್ಣಗಾಗುತ್ತಿದ್ದಂತೆ ಬಿಡಿಬಿಡಿಯಾಗಿದ್ದ ಎಳೆಗಳು ಮತ್ತೆ ಒಂದರ ಪಕ್ಕ ಒಂದು ಸೇರಿ ಕಟ್ಟಿಕೊಳ್ಳತೊಡಗುತ್ತವೆ. ಇದು ರೆಟ್ರೋಗ್ರೇಡೇಷನ್. ನೇರ ಎಳೆಯ ಅಮೈಲೋಸ್ ಕೆಲವೇ ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕವಲಿರುವ ಅಮೈಲೋಪೆಕ್ಟಿನ್‌ಗೆ ದಿನಗಳೇ ಬೇಕು. ಹಾಗಾಗಿ ಅಮೈಲೋಸ್ ಜಾಸ್ತಿ ಇರುವ ಅಕ್ಕಿಯ ಅನ್ನ ಬೇಗ ಗಡುಸಾಗುತ್ತದೆ. ಅಮೈಲೋಸ್ ತೀರಾ ಕಡಿಮೆ ಇರುವ ಅಸ್ಸಾಮಿನ ಬೋರಾ ಅಕ್ಕಿಯ ಅಂಟು ಅನ್ನ ಆರಿದರೂ ಮೆತ್ತಗೆ ಉಳಿಯುತ್ತದೆ.

ಇನ್ನು ಫ್ರಿಜ್. ಎಳೆಗಳು ಹೀಗೆ ಕಟ್ಟಿಕೊಳ್ಳುವ ವೇಗ ಅತಿ ಹೆಚ್ಚಿರುವುದೇ 4 ಡಿಗ್ರಿಯ ಆಸುಪಾಸಿನಲ್ಲಿ. ಫ್ರಿಜ್ಜಿನ ಒಳಗಿರುವುದೂ ಅಷ್ಟೇ ತಂಪು! ಫ್ರೀಜರಿನ ಮೈನಸ್ 18ರಲ್ಲಿ ಎಳೆಗಳು ಅಲುಗಾಡಲಾಗದೆ ಈ ಕೆಲಸ ಹೆಚ್ಚೂಕಡಿಮೆ ನಿಂತೇಹೋಗುತ್ತದೆ.

ಹಾಗಂತ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡಬೇಡಿ. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಉಗುಳುವ ಒಂದು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅನ್ನ ಸ್ವಲ್ಪ ಗಟ್ಟಿಯಾದರೆ ಆಗಲಿ, ಫ್ರಿಜ್ಜೇ ಸರಿ.

ಮತ್ತೆ ಮೆತ್ತಗೆ ಮಾಡುವುದು

1. ಉಳಿದ ಅನ್ನವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ. ಒಂದು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ.

2. ಬೇಕಾದಾಗ ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟನ್ನೇ ತೆಗೆಯಿರಿ. ಗಂಟುಗಳನ್ನು ಕೈಯಿಂದ ಬಿಡಿಸಿ. ಎರಡು ಕಪ್ ಅನ್ನಕ್ಕೆ ಎರಡು ದೊಡ್ಡ ಚಮಚ ನೀರು ಚಿಮುಕಿಸಿ.

3. ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಅನ್ನದ ಬಟ್ಟಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ. ಎಂಟು-ಹತ್ತು ನಿಮಿಷ ಹಬೆ ಕೊಡಿ. ನಡುವಿನ ಅನ್ನವೂ ಹೊಗೆಯಾಡುವಷ್ಟು ಬಿಸಿಯಾಗಬೇಕು.

ಸುಮಾರು 60 ಡಿಗ್ರಿ ದಾಟಿದರೆ ಅಮೈಲೋಪೆಕ್ಟಿನ್ ಕಟ್ಟು ಬಿಚ್ಚಿಕೊಳ್ಳುತ್ತದೆ. ಅನ್ನ ಮೆತ್ತಗಾಗುವುದು ಅದರಿಂದ. ಸುಮ್ನೆ ಉಗುರುಬೆಚ್ಚಗೆ ಮಾಡಿದರೆ ಏನೂ ಆಗದು. ಅಮೈಲೋಸ್ ಕಟ್ಟು ಮಾತ್ರ ಕುದಿಯುವ ನೀರಿನ ಬಿಸಿಗೂ ಬಿಚ್ಚುವುದಿಲ್ಲ. ಹಾಗಾಗಿ ಎಷ್ಟೇ ಚೆನ್ನಾಗಿ ಬಿಸಿ ಮಾಡಿದರೂ ತಂಗಳನ್ನ ಆಗಷ್ಟೇ ಮಾಡಿದ ಅನ್ನದಂತೆ ಇರುವುದಿಲ್ಲ, ಒಂಚೂರು ಬಿಗಿ ಉಳಿದೇ ಉಳಿಯುತ್ತದೆ. ಚಿತ್ರಾನ್ನಕ್ಕೆ, ಪುಳಿಯೋಗರೆಗೆ ಈ ಬಿಗಿಯೇ ಬೇಕು. ಬಿಸಿ ಅನ್ನಕ್ಕೆ ಒಗ್ಗರಣೆ ಕಲಸಿದರೆ ಅಗುಳು ಒಡೆದು ಮುದ್ದೆಯಾಗುತ್ತದೆ. ಆರಿದ ಅನ್ನ ಉದುರುದುರಾಗಿ ನಿಲ್ಲುತ್ತದೆ.

ಬ್ರೆಡ್ಡಿಗೆ ಫ್ರಿಜ್ ಬೇಡ

ಬ್ರೆಡ್ಡಿನಲ್ಲಿ ಅಮೈಲೋಸ್ ಕೆಲಸ ಒಲೆಯಿಂದ ತೆಗೆದು ಆರುವಷ್ಟರಲ್ಲೇ ಮುಗಿದಿರುತ್ತದೆ. ಬಿಸಿ ಬ್ರೆಡ್ ಕೊಯ್ದರೆ ಅಂಟಂಟು, ಆರಿದ್ದು ನೀಟಾಗಿ ಹೋಳಾಗುವುದು ಇದರಿಂದಲೇ. ಮುಂದಿನ ದಿನಗಳಲ್ಲಿ ಗಟ್ಟಿಯಾಗುವುದಕ್ಕೆ ಮುಖ್ಯ ಕಾರಣ ಅಮೈಲೋಪೆಕ್ಟಿನ್. ಒಳಗಿನ ತಿರುಳಿನ ನೀರು ಹೊರಪದರಕ್ಕೆ ಸರಿಯುವುದರಿಂದ, ಗರಿಗರಿ ಇದ್ದ ಹೊರಮೈ ತೊಗಲಿನಂತಾಗುತ್ತದೆ. ಎರಡು ದಿನದಲ್ಲಿ ಖಾಲಿಯಾಗುವುದಾದರೆ ಬ್ರೆಡ್ ಹೊರಗೇ ಇರಲಿ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆಂದರೆ ಹೋಳುಗಳನ್ನು ಕವರಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿ. ತೆಗೆದು ನೇರವಾಗಿ ಕಾದ ಕಾವಲಿಯ ಮೇಲಿಡಿ. ಬಿಸಿ ಇರುವಾಗಲೇ ತಿಂದುಬಿಡಿ. ಬಿಸಿ ಮಾಡುವಾಗ ಒಂದಿಷ್ಟು ನೀರು ಹೋಗಿರುವುದರಿಂದ ಎರಡನೇ ಸಲ ಆರಿದ ಬ್ರೆಡ್ ಇನ್ನೂ ಬೇಗ ಗಟ್ಟಿಯಾಗುತ್ತದೆ.